ಸರಿಪಡಿಸದೆ ಬಿಟ್ಟ ತಪ್ಪುಗಳ ಪಟ್ಟಿ: ವಾರ್ಷಿಕ ಲೆಕ್ಕಕ್ಕೆ ಒಪ್ಪಿಗೆ ಕೊಡುವ ಮುನ್ನ ಆಡಿಟರ್‌ಗೆ ನಾನು ಕೇಳುವುದು

ಲಿಸ್ಟೆಡ್ ಕಂಪನಿಗಳು ಆಡಿಟ್ ಆದ ವಾರ್ಷಿಕ ಫಲಿತಾಂಶವನ್ನು ಮೇ 30ರೊಳಗೆ ಕೊಡಬೇಕು. ಆಡಿಟ್ ಕಮಿಟಿಯ ಸಭೆ ಕೊನೆಯ ದಿನಗಳಿಗೆ ಬಂದು ನಿಲ್ಲುವುದೇ ಹೆಚ್ಚು. ಆ ಅವಸರದಲ್ಲಿ ಅಧ್ಯಕ್ಷರು ಒಂದೇ ಕಾಗದ ಓದಲು ಸಾಧ್ಯವಿದ್ದರೆ, ಆಡಿಟರ್ ಕಂಡುಹಿಡಿದರೂ ಕಂಪನಿ ಸರಿಪಡಿಸದೆ ಬಿಟ್ಟ ತಪ್ಪುಗಳ ಪಟ್ಟಿಯನ್ನು ಓದಲಿ. ಆಡಿಟಿಂಗ್ ಸ್ಟ್ಯಾಂಡರ್ಡ್ 450ರ ಪ್ರಕಾರ ಆಡಿಟರ್ ಇದನ್ನು ಕಮಿಟಿಯವರಾದ ನಮಗೆ ತಿಳಿಸಲೇಬೇಕು. ನಾನು ಇದನ್ನು ಸಭೆಗೆ ಮೂರ್ನಾಲ್ಕು ದಿನ ಮುಂಚೆಯೇ ತರಿಸಿಕೊಳ್ಳುತ್ತೇನೆ.

ಒಂದು ಉದಾಹರಣೆ ನೋಡೋಣ. ತೆರಿಗೆಗೆ ಮುಂಚಿನ ಲಾಭ 40 ಕೋಟಿ. ಅದರ ಶೇ. 5, ಅಂದರೆ 2 ಕೋಟಿಯನ್ನು ಆಡಿಟರ್ ಮೆಟೀರಿಯಾಲಿಟಿ, ಅಂದರೆ ತಪ್ಪು ಗಂಭೀರವಾಗುವ ಮಿತಿ ಎಂದು ಇಟ್ಟುಕೊಂಡಿದ್ದಾರೆ. ಪಟ್ಟಿಯಲ್ಲಿರುವುದು ನಾಲ್ಕು ತಪ್ಪು. ಏಪ್ರಿಲ್‌ನಲ್ಲಿ ತಲುಪಿದ ಸರಕನ್ನು ಮಾರ್ಚ್ ಮಾರಾಟಕ್ಕೆ ಸೇರಿಸಿದ್ದರಿಂದ ಲಾಭ 70 ಲಕ್ಷ ಹೆಚ್ಚಾಗಿದೆ. ವಸೂಲಾಗದೆ ಹೋಗಬಹುದಾದ ಹಳೆ ಬಾಕಿಗೆ ತೆಗೆದಿಟ್ಟ ಪ್ರಾವಿಷನ್ 80 ಲಕ್ಷ ಕಡಿಮೆ, ಓಡದ ಸ್ಟಾಕಿಗೆ 30 ಲಕ್ಷ ಕಡಿಮೆ. ಇನ್ನೊಂದು ಕಡೆ ಕರೆಂಟ್ ಬಿಲ್ಲಿಗೆ 60 ಲಕ್ಷ ಹೆಚ್ಚು ಪ್ರಾವಿಷನ್ ಮಾಡಲಾಗಿದೆ. ಕೂಡಿ ಕಳೆದರೆ ಲಾಭ 1.2 ಕೋಟಿ ಹೆಚ್ಚು ತೋರಿದಂತಾಯಿತು. 2 ಕೋಟಿಗಿಂತ ಕಡಿಮೆ ಇರುವುದರಿಂದ ತಿದ್ದಬೇಕಿಲ್ಲ ಎನ್ನುತ್ತಾರೆ ಸಿಎಫ್ಒ.

ನಾನು ಇದನ್ನು ಅಲ್ಲಿಗೇ ಒಪ್ಪುವುದಿಲ್ಲ. ಮೊದಲ ಪ್ರಶ್ನೆ: ಆ 70 ಲಕ್ಷ ಸ್ಯಾಂಪಲ್‌ನಲ್ಲಿ ಸಿಕ್ಕಿದ್ದೋ, ಇಡೀ ಮಾರಾಟಕ್ಕೆ ಅಂದಾಜು ಮಾಡಿದ್ದೋ? ಇಪ್ಪತ್ತೈದು ಇನ್‌ವಾಯ್ಸ್ ನೋಡಿ ಅದರಲ್ಲೇ ಅಷ್ಟು ಸಿಕ್ಕಿದ್ದರೆ ನೋಡದೆ ಉಳಿದವುಗಳಲ್ಲೂ ಇರಬಹುದು. ಆಗ 1.2 ಕೋಟಿ ಎಂಬ ಲೆಕ್ಕವೇ ನಿಲ್ಲುವುದಿಲ್ಲ. ಮಾರ್ಚ್ ಕೊನೆಯ ವಾರದ ಇನ್‌ವಾಯ್ಸ್‌ಗಳನ್ನು ಗ್ರಾಹಕರ ಸಹಿಯಿರುವ ಡೆಲಿವರಿ ಚಲನ್ ಜೊತೆ ತಾಳೆ ನೋಡಿದ್ದೀರಾ, ಏಪ್ರಿಲ್-ಮೇನಲ್ಲಿ ಕೊಟ್ಟ ಕ್ರೆಡಿಟ್ ನೋಟ್ ತೆಗೆದು ನೋಡಿದ್ದೀರಾ ಎಂದೂ ಕೇಳುತ್ತೇನೆ. ಇ-ವೇ ಬಿಲ್ ಸರಕಿನ ಸಾಗಣೆಗೆ ಮಾಡಿಸಿದ ಕಾಗದ. ಗ್ರಾಹಕರಿಗೆ ತಲುಪಿತು ಎಂಬುದಕ್ಕೆ ಅದೊಂದೇ ಸಾಕಾಗದು.

ಎರಡನೆಯದು, ಹಳೆ ಬಾಕಿಯ 80 ಲಕ್ಷದಲ್ಲಿ ಹೋದ ವರ್ಷದಿಂದ ಉಳಿದುಬಂದದ್ದೆಷ್ಟು? 50 ಲಕ್ಷ ಆಗಲೇ ಕಡಿಮೆಯಿದ್ದರೆ ಈ ವರ್ಷದ ಲಾಭಕ್ಕೆ ತಗಲುವುದು 30 ಲಕ್ಷ ಮಾತ್ರ, ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಪೂರ್ತಿ 80 ಲಕ್ಷ ಕೂತಿರುತ್ತದೆ. ವರ್ಷವರ್ಷವೂ ಸ್ವಲ್ಪಸ್ವಲ್ಪ ಬಿಡುತ್ತಾ ಹೋದರೆ ಕಂತೆ ಬೆಳೆಯುವುದು ಹೀಗೆಯೇ.

ಮೂರನೆಯದು, ನಾಲ್ಕರಲ್ಲಿ ಮೂರು ತಪ್ಪು ಲಾಭ ಹೆಚ್ಚಿಸುವ ಕಡೆಗೇ ಇವೆ, ಅವುಗಳಲ್ಲಿ ಎರಡು ಅಂದಾಜಿನ ವಿಷಯ. ಇದು ಮ್ಯಾನೇಜ್‌ಮೆಂಟಿನ ಒಲವು ಅನ್ನಿಸಲಿಲ್ಲವೇ? ಬ್ಯಾಂಕ್ ಸಾಲದ ಷರತ್ತು ಪೂರೈಸಿದ್ದಾಗಲಿ, ಅಧಿಕಾರಿಗಳಿಗೆ ಬೋನಸ್ ಸಿಕ್ಕಿದ್ದಾಗಲಿ ಈ 1.2 ಕೋಟಿಯಿಂದಲೇ ಆಗಿದ್ದರೆ, ಮೊತ್ತ ಚಿಕ್ಕದಾದರೂ ತಪ್ಪು ದೊಡ್ಡದೇ.

ಇವನ್ನೆಲ್ಲ ಸಿಎಫ್ಒ ಎದುರಿಗೆ ಒಮ್ಮೆ, ಅವರನ್ನು ಹೊರಗೆ ಕಳಿಸಿ ಆಡಿಟ್ ಪಾರ್ಟ್‌ನರ್ ಜೊತೆ ಇನ್ನೊಮ್ಮೆ ಕೇಳುತ್ತೇನೆ. ಉತ್ತರ ಬದಲಾದ ಕಡೆ ತಿದ್ದುಪಡಿ ಎಂಟ್ರಿ ಹಾಕಿಸಿ ಎನ್ನುತ್ತೇನೆ. ಹಾಕುವುದಿಲ್ಲವೆಂದರೆ ಕಾರಣ ನಡಾವಳಿಯಲ್ಲಿ ಬರೆಸುತ್ತೇನೆ, ಮ್ಯಾನೇಜ್‌ಮೆಂಟ್ ಆಡಿಟರ್‌ಗೆ ಕೊಡುವ ಪತ್ರಕ್ಕೆ ಲಗತ್ತಿಸಿದ ಪಟ್ಟಿಯೂ ನನ್ನ ಕೈಲಿರುವ ಪಟ್ಟಿಯೂ ಒಂದೇ ಇದೆಯೇ ಎಂದು ಸಾಲು ಸಾಲಾಗಿ ನೋಡಿದ ಮೇಲೆಯೇ ಬೋರ್ಡಿಗೆ ಶಿಫಾರಸು ಮಾಡುತ್ತೇನೆ.