ಮೊದಲ ಕೆಲಸಕ್ಕೆ ಸಣ್ಣ ಕಂಪನಿ: ನನ್ನ ಅನುಭವ

ಕೈಯಲ್ಲಿ ಎರಡು ಆಫರ್ ಇದ್ದವು. ಎರಡೂ ಅಕೌಂಟ್ಸ್ ಕೆಲಸವೇ. ಒಂದು ಬಹುರಾಷ್ಟ್ರೀಯ ಕಂಪನಿ, ಇನ್ನೊಂದು ಅಣ್ಣ ತಮ್ಮ ಸೇರಿ ನಡೆಸುವ ಸುಮಾರು 40 ಜನರ ಕಂಪನಿ. ದೊಡ್ಡದರ ಪ್ಯಾಕೇಜ್ ಹತ್ತಿರ ಹತ್ತಿರ ಒಂದೂವರೆ ಪಟ್ಟು. ನಾನು ಸಣ್ಣದಕ್ಕೆ ಸೇರುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ.

ಮೊದಲು ಎಕ್ಸೆಲ್‌ನಲ್ಲಿ ಸಂಬಳ, ಕಲಿಕೆ, ಹೆಸರು ಅಂತ ಅಂಕ ಹಾಕಿ ನೋಡಿದೆ. ಎರಡು ಸಂಜೆ ಹಾಳಾಯಿತು. ಮನಸ್ಸಿಗೆ ಬೇಕಾದ ಉತ್ತರ ಬರುವ ತನಕ ಅಂಕ ತಿದ್ದುತ್ತಿದ್ದೆ, ಅಷ್ಟೇ.

ಆಮೇಲೆ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದೆ: "ಮೊದಲ ಆರು ತಿಂಗಳು ನನ್ನ ಟೇಬಲ್ಲಿಗೆ ಯಾವ ಕಾಗದ ಬರುತ್ತದೆ? ನಾನು ಮುಗಿಸಿದ ಮೇಲೆ ಅದು ಯಾರ ಹತ್ತಿರ ಹೋಗುತ್ತದೆ?" ದೊಡ್ಡ ಕಂಪನಿಯಲ್ಲಿ ಬಿಲ್ಲನ್ನು ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡಬೇಕು, ವ್ಯತ್ಯಾಸ ಕಂಡರೆ ಬೇರೆ ತಂಡಕ್ಕೆ ಕಳಿಸಬೇಕು. ಸಣ್ಣದರಲ್ಲಿ ಅದೇ ಬಿಲ್ಲನ್ನು ತಿಂಗಳ ಲೆಕ್ಕ ಮುಚ್ಚುವವರೆಗೆ ನಾನೇ ನೋಡಬೇಕು. ನನಗೆ ಅಷ್ಟು ಸಾಕಾಯಿತು.

ದುಡ್ಡನ್ನೂ ಬಿಡಿಸಿ ನೋಡಿದೆ. ದೊಡ್ಡ ಪ್ಯಾಕೇಜಿನಲ್ಲಿ ಗುರಿ ಮುಟ್ಟಿದರೆ ಮಾತ್ರ ಸಿಗುವ ಬೋನಸ್ ಇತ್ತು. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕಾದ ಜಾಯಿನಿಂಗ್ ಬೋನಸ್ಸೂ ಇತ್ತು. ಅವೆರಡನ್ನೂ ತೆಗೆದರೆ ತಿಂಗಳ ಸಂಬಳದಲ್ಲಿ ಉಳಿದ ವ್ಯತ್ಯಾಸ ಕಾಲು ಭಾಗದಷ್ಟು.

ತಪ್ಪಿದ್ದು ಬೇರೆ ಕಡೆ. ಮೂರನೇ ತಿಂಗಳ ಸಂಬಳ 18-20 ದಿನ ತಡವಾಯಿತು. ಬರಬೇಕಾದ ಬಾಕಿಯಲ್ಲಿ ಸುಮಾರು 40% ಒಬ್ಬನೇ ಗಿರಾಕಿಯದು, ಅವನು ದುಡ್ಡು ತಡೆದಿದ್ದ. ಹಿಂದಿನ ವರ್ಷ ಪ್ರತಿ ತಿಂಗಳು ಸಂಬಳ ಯಾವ ತಾರೀಕಿಗೆ ಆಯಿತು ಅಂತ ಸೇರುವ ಮೊದಲೇ ಅಲ್ಲಿನ ನೌಕರರನ್ನು ಕೇಳಬೇಕಿತ್ತು. ಧಣಿಯನ್ನು ಕೇಳಿ ಪ್ರಯೋಜನವಿಲ್ಲ.

ಇನ್ನೊಂದು ತಲೆನೋವು ಅಣ್ಣ ತಮ್ಮಂದಿರದು. ಅಣ್ಣ "ಇವತ್ತೇ ಪೇಮೆಂಟ್ ಮಾಡಿ" ಅಂದರು, ಮಾಡಿದೆ. ತಮ್ಮ ಬಂದು "ನನ್ನನ್ನು ಕೇಳದೆ ಯಾಕೆ ಕೊಟ್ಟಿರಿ?" ಅಂತ ರೇಗಿದರು. ಅವತ್ತಿನಿಂದ ದಿನಾ ಬೆಳಿಗ್ಗೆ ಇಬ್ಬರಿಗೂ ಒಂದೇ ಮೆಸೇಜ್ ಕಳಿಸತೊಡಗಿದೆ: ಇವತ್ತು ಯಾರಿಗೆ ಎಷ್ಟು, ಯಾರು ಹೇಳಿದ್ದು. ಮಧ್ಯಾಹ್ನದ ತನಕ ಇಬ್ಬರಲ್ಲಿ ಯಾರೂ ಬೇಡ ಅನ್ನದಿದ್ದರೆ ಮಾತ್ರ ಪೇಮೆಂಟ್. ಜಗಳ ನಿಂತಿತು.

ಎರಡೂವರೆ ವರ್ಷದಲ್ಲಿ ಗಿರಾಕಿಗಳಿಂದ ದುಡ್ಡು ಬರುವ ಅವಧಿಯನ್ನು 80 ದಿನದಿಂದ 55ರ ಆಸುಪಾಸಿಗೆ ಇಳಿಸಿದೆ. ಹೇಗೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಮ್ಯಾನೇಜರ್ ಕುರ್ಚಿ ಮನೆಯವರಿಗೇ ಅಂತ ಖಚಿತವಾದ ಮೇಲೆ ಬಿಟ್ಟೆ. ಈಗ ಒಂದು ಬಹುರಾಷ್ಟ್ರೀಯ ಕಂಪನಿಯಲ್ಲಿದ್ದೇನೆ, ಸಂಬಳ ಎರಡು ಪಟ್ಟು. ಇಂಟರ್‌ವ್ಯೂನಲ್ಲಿ ಮುಕ್ಕಾಲು ಗಂಟೆ ಆ 55 ದಿನದ ಬಗ್ಗೆಯೇ ಮಾತಾಯಿತು.

ಆದರೆ ತಿಂಗಳು ತಿಂಗಳು ಸಾಲದ ಕಂತು ಕಟ್ಟಬೇಕು, ಕೈಯಲ್ಲಿ ಎರಡು ತಿಂಗಳ ಖರ್ಚಿಗೂ ದುಡ್ಡಿಲ್ಲ ಅನ್ನುವವರಿಗೆ ನಾನು ಹಿಡಿದ ದಾರಿಯನ್ನು ಹೇಳುವುದಿಲ್ಲ. ಆ ಮೂರನೇ ತಿಂಗಳು ನಾನು ದಾಟಿದ್ದು ಅಕ್ಕ ಕೊಟ್ಟ ದುಡ್ಡಿನಿಂದ.