ಅರ್ಧರ್ಧ ಪಾಲಿನ ಕಂಪನಿಯಲ್ಲಿ ಕಗ್ಗಂಟು ಬಿದ್ದರೆ: ಬಿಡಿಸುವ ದಾರಿ ಮೊದಲೇ ಬರೆದಿಡುವುದು ಹೇಗೆ?

ಬ್ಯಾಡಗಿಯಲ್ಲಿ ಇಬ್ಬರು ಸೇರಿ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಕಟ್ಟಿದರು ಎಂದಿಟ್ಟುಕೊಳ್ಳಿ. ಒಬ್ಬರು ಊರಿನ ದಲಾಲರು, ರೈತರ ಒಡನಾಟವೆಲ್ಲ ಅವರದು. ಇನ್ನೊಬ್ಬರು ಹುಬ್ಬಳ್ಳಿಯ ಉದ್ಯಮಿ, ಕೈಯಲ್ಲಿ ದುಡ್ಡಿದೆ. ತಲಾ ಒಂದು ಲಕ್ಷ ಷೇರು, ಬೋರ್ಡಿನಲ್ಲಿ ಇಬ್ಬಿಬ್ಬರು ನಿರ್ದೇಶಕರು. ನಾಲ್ಕನೇ ವರ್ಷ ಲಾಭ ಬಂತು. ದಲಾಲರು ಎರಡನೇ ಕಟ್ಟಡ ಕಟ್ಟೋಣ ಎಂದರು, ಉದ್ಯಮಿ ಡಿವಿಡೆಂಡ್ ಹಂಚೋಣ ಎಂದರು. ಎರಡಕ್ಕೆ ಎರಡು ಮತ. ಯಾವ ಠರಾವೂ ಪಾಸಾಗಲಿಲ್ಲ.

ಒಪ್ಪಂದದಲ್ಲಿ ದಾರಿ ಬರೆದಿರದಿದ್ದರೆ ಉಳಿಯುವುದು ನ್ಯಾಯಾಲಯ. 1916ರಲ್ಲಿ ಇಂಗ್ಲೆಂಡಿನ ಯೆನಿಜೆ ಟೊಬ್ಯಾಕೋ ಕಂಪನಿಯ ಇಬ್ಬರು ಸಮಪಾಲುದಾರರು ಪರಸ್ಪರ ಮಾತು ಬಿಟ್ಟು, ಸೆಕ್ರೆಟರಿಯ ಮೂಲಕ ಹೇಳಿ ಕಳಿಸುವ ಸ್ಥಿತಿಗೆ ಬಂದಿದ್ದರು. ಕಂಪನಿ ಒಳ್ಳೆಯ ಲಾಭದಲ್ಲಿತ್ತು. ಆದರೂ ನ್ಯಾಯಾಲಯ ಅದನ್ನು ಮುಚ್ಚಲು ಆದೇಶಿಸಿತು. ಹಾಗಾಗಬಾರದು ಎಂದಾದರೆ ಇಬ್ಬರೂ ಚೆನ್ನಾಗಿರುವಾಗಲೇ ಷೇರುದಾರರ ಒಪ್ಪಂದದಲ್ಲಿ ಇಷ್ಟನ್ನು ಬರೆದಿಡಿ.

ಮೊದಲು, ಕಗ್ಗಂಟು ಎಂದರೆ ಏನೆಂದು ಬರೆಯಿರಿ. ಒಂದೇ ವಿಷಯ 15 ದಿನಗಳ ಅಂತರದ ಎರಡು ಬೋರ್ಡ್ ಸಭೆಗಳಲ್ಲಿ ಸಮ ಮತದಿಂದ ಬಿದ್ದರೆ ಕಗ್ಗಂಟು ಎನ್ನಬಹುದು. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಇಲ್ಲದೆ ಸಭೆ ಮುಂದಕ್ಕೆ ಹೋದದ್ದನ್ನೂ ಇದರಲ್ಲಿ ಸೇರಿಸಲೇಬೇಕು. ಇಲ್ಲವಾದರೆ ಸೋಲುವ ಭಯವಿದ್ದವರು ಸಭೆಗೇ ಬರುವುದಿಲ್ಲ, ಕಗ್ಗಂಟು ಕಾಗದದ ಮೇಲೆ ಹುಟ್ಟುವುದೇ ಇಲ್ಲ. ವಾರ್ಷಿಕ ಬಜೆಟ್, ಹೊಸ ಸಾಲ, ವಿಸ್ತರಣೆಯಂಥ ದೊಡ್ಡ ವಿಷಯಗಳಿಗಷ್ಟೇ ಇದು ಅನ್ವಯಿಸಲಿ.

ಎರಡನೆಯದು, ನಿರ್ಣಾಯಕ ಮತ. ಎಷ್ಟೋ ಮಂದಿ ಎಡವುವುದು ಇಲ್ಲಿಯೇ. ಆರ್ಟಿಕಲ್ಸ್ ಎಂದರೆ ಕಂಪನಿಯ ಒಳಾಡಳಿತದ ನಿಯಮಾವಳಿ. ಕಂಪನಿ ಕಾಯ್ದೆ 2013ರ ಟೇಬಲ್ ಎಫ್ ಎಂಬ ಮಾದರಿ ಆರ್ಟಿಕಲ್ಸ್‌ನ 68ನೇ ಕಲಮಿನಂತೆ, ಬೋರ್ಡಿನಲ್ಲಿ ಮತ ಸಮವಾದರೆ ಅಧ್ಯಕ್ಷರಿಗೆ ಇನ್ನೊಂದು ಮತವಿದೆ. ಆ ಮಾದರಿಯನ್ನೇ ಹಾಗೆಯೇ ಹಾಕಿಕೊಂಡ ಕಂಪನಿಯಲ್ಲಿ ಅಧ್ಯಕ್ಷರ ಕಡೆಯವರೇ ಬೋರ್ಡಿನ ಒಡೆಯರು. ಅರ್ಧರ್ಧ ಎನ್ನುವುದು ಷೇರು ಸರ್ಟಿಫಿಕೇಟಿನಲ್ಲಷ್ಟೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಅಧ್ಯಕ್ಷರನ್ನು ಬದಲಿಸಿದರೂ ತಮ್ಮ ಸರದಿ ಬರುವವರೆಗೆ ವಿಷಯ ತಳ್ಳುವ ಆಟ ಶುರುವಾಗುತ್ತದೆ. ನನ್ನ ಮಟ್ಟಿಗೆ, ಈ ಮತವನ್ನು ದುರಸ್ತಿ, ದಿನಗೂಲಿ, ಬಾಡಿಗೆ ದರದಂಥ ದಿನನಿತ್ಯದ ವಿಷಯಗಳಿಗೆ ಮಾತ್ರ ಇಟ್ಟು, ದೊಡ್ಡ ವಿಷಯಗಳಿಗೆ ಇಲ್ಲವೆಂದು ಸ್ಪಷ್ಟವಾಗಿ ಬರೆಯುವುದೇ ಸರಿ.

ಮೂರನೆಯದು, ಕೊಳ್ಳು ಇಲ್ಲವೇ ಮಾರು. ಮೊದಲ 30 ದಿನ ಇಬ್ಬರೂ ಎದುರುಬದುರು ಕೂತು ಮಾತಾಡಲಿ. ಬಗೆಹರಿಯದಿದ್ದರೆ ಒಬ್ಬರು ನೋಟಿಸ್ ಕೊಟ್ಟು ಷೇರಿಗೆ ಒಂದು ಬೆಲೆ ಹೇಳುತ್ತಾರೆ. ಆ ಬೆಲೆಗೆ ಕೊಳ್ಳಬೇಕೋ ಮಾರಬೇಕೋ ಎಂಬ ಆಯ್ಕೆ ಎದುರಿನವರದು. ವಕೀಲರು ಇದನ್ನು ರಷ್ಯನ್ ರೂಲೆಟ್ ಎನ್ನುತ್ತಾರೆ. ಅಣ್ಣ ಹೊಲ ಪಾಲು ಮಾಡಿದರೆ ತಮ್ಮ ಮೊದಲು ಆರಿಸಿಕೊಳ್ಳುತ್ತಾನಲ್ಲ, ಲೆಕ್ಕಾಚಾರ ಅದೇ.

ನಮ್ಮ ಕೋಲ್ಡ್ ಸ್ಟೋರೇಜಿನ ನಿಜ ಬೆಲೆ 8 ಕೋಟಿ, ಅಂದರೆ ಷೇರಿಗೆ 400 ರೂಪಾಯಿ ಎನ್ನಿ. ಉದ್ಯಮಿ 250 ಎಂದು ಕಡಿಮೆ ಹೇಳಿದರೆ, 4 ಕೋಟಿ ಬಾಳುವ ಅವರ ಪಾಲನ್ನು ದಲಾಲರು ಎರಡೂವರೆ ಕೋಟಿಗೆ ಕೊಂಡುಬಿಡಬಹುದು. ಆ ಭಯವೇ ಬೆಲೆಯನ್ನು ನೆಟ್ಟಗಿಡುತ್ತದೆ. ಆದರೆ ದಲಾಲರ ದುಡ್ಡೆಲ್ಲ ಮಾಲಿನಲ್ಲಿ ಸಿಕ್ಕಿಕೊಂಡಿದೆ, ಅಷ್ಟು ಬೇಗ ಎರಡೂವರೆ ಕೋಟಿ ಹುಟ್ಟುವುದಿಲ್ಲ ಎಂದು ಉದ್ಯಮಿಗೆ ಗೊತ್ತಿದ್ದರೆ? ಆಗ ಕೊಳ್ಳುವ ಆಯ್ಕೆ ಹೆಸರಿಗಷ್ಟೇ. ದಲಾಲರು ಒಂದೂವರೆ ಕೋಟಿ ಕಳೆದುಕೊಂಡು ಮಾರಬೇಕಾಗುತ್ತದೆ. ಇದಕ್ಕೆ ಎರಡು ಕಾವಲು ಹಾಕಿ. ಹಣ ಹೊಂದಿಸಲು 90 ದಿನ ಕೊಡಿ. ನೋಂದಾಯಿತ ಮೌಲ್ಯಮಾಪಕರು ಹೇಳಿದ ಬೆಲೆಯ ಶೇ 90ಕ್ಕಿಂತ ಕೆಳಗೆ ಬೆಲೆ ಹೇಳುವಂತಿಲ್ಲ ಎಂದು ಬರೆಯಿರಿ.

ಇನ್ನೊಂದು ಬಗೆ ಟೆಕ್ಸಾಸ್ ಶೂಟ್ಔಟ್. ಇಬ್ಬರೂ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ತಟಸ್ಥರೊಬ್ಬರ ಕೈಗೆ ಕೊಡುತ್ತಾರೆ. ದಲಾಲರು 450, ಉದ್ಯಮಿ 420 ಬರೆದಿದ್ದರೆ ದಲಾಲರೇ 450ರಂತೆ ಕೊಳ್ಳಬೇಕು. ಇಬ್ಬರಿಗೂ ಕಂಪನಿ ಬೇಕೆಂದಿದ್ದಾಗ ಇದು ಒಳ್ಳೆಯದು. ಒಬ್ಬರ ಜೇಬು ಖಾಲಿಯಿದ್ದರೆ ಇಲ್ಲೂ ಅದೇ ಕಾವಲು ಬೇಕು.

ಪಾಲುದಾರರಲ್ಲಿ ಒಬ್ಬರು ವಿದೇಶದವರಾದರೆ ಇನ್ನೊಂದು ತೊಡಕಿದೆ. ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದ ನಿಯಮದಂತೆ ಸಾಮಾನ್ಯವಾಗಿ ಭಾರತೀಯರು ಅವರಿಗೆ ನ್ಯಾಯಬೆಲೆಗಿಂತ ಕಡಿಮೆಗೆ ಮಾರುವಂತಿಲ್ಲ, ಅವರಿಂದ ಹೆಚ್ಚಿಗೆ ಕೊಳ್ಳುವಂತಿಲ್ಲ. ಕೊಳ್ಳಲೂ ಮಾರಲೂ ಒಂದೇ ಬೆಲೆ ಎನ್ನುವ ಕರಾರು, ಆ ಬೆಲೆ ಮೌಲ್ಯಮಾಪನಕ್ಕೆ ಹೊಂದಿದಾಗಷ್ಟೇ ಎರಡೂ ಕಡೆ ನಡೆಯುತ್ತದೆ.

ಕೊನೆಗೆ, ಆರ್ಟಿಕಲ್ಸ್ ಮತ್ತು ಬ್ಯಾಂಕು. ಷೇರು ವರ್ಗಾವಣೆಯ ಕಟ್ಟುಪಾಡು ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕದು ಎಂದು ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಒಪ್ಪಂದದ ಈ ಕಲಮುಗಳನ್ನು ಆರ್ಟಿಕಲ್ಸ್‌ಗೂ ಸೇರಿಸಿ. ಇನ್ನು ಬ್ಯಾಂಕ್ ಸಾಲ: ಷೇರು ಮಾರಿ ಹೊರಬಂದವರ ವೈಯಕ್ತಿಕ ಜಾಮೀನು ತಾನಾಗಿ ಕಳಚುವುದಿಲ್ಲ. ದಲಾಲರು ಪಾಲು ಮಾರಿದ ಮೇಲೂ ಕಂಪನಿ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಅವರ ಮನೆಬಾಗಿಲಿಗೇ ಬರುತ್ತಾರೆ. ಬ್ಯಾಂಕಿನಿಂದ ಜಾಮೀನು ಬಿಡುಗಡೆಯ ಪತ್ರ ಕೈಗೆ ಬಂದ ಮೇಲೆಯೇ ಷೇರು ವರ್ಗಾವಣೆಗೆ ಸಹಿ ಎಂದು ಕರಾರಿನಲ್ಲೇ ಬರೆಯಿರಿ.