ಹದಿನಾರಾಣೆ ಕೂಡಬೇಕು: ಹಳೆಯ ಮನೆತನದ ಇಂದಿನ ಕುಡಿಗಳನ್ನು ಹುಡುಕುವ ಬಗೆ

ವಂಶಾವಳಿ ಬರೆಯುವವರು ಸಾಮಾನ್ಯವಾಗಿ ತಮ್ಮಿಂದ ಶುರುಮಾಡಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೇಲಕ್ಕೆ ಹೋಗುತ್ತಾರೆ. ಇಲ್ಲಿ ಹೇಳುತ್ತಿರುವುದು ಅದರ ತಿರುಗುಮುರುಗು ಕೆಲಸ. ನೂರೈವತ್ತು ವರ್ಷಗಳ ಹಿಂದೆ ಊರಿನಲ್ಲಿ ಹೆಸರಾಗಿದ್ದ ಒಂದು ಮನೆತನದವರು ಈಗ ಎಲ್ಲಿದ್ದಾರೆ ಎಂದು ಮೇಲಿನಿಂದ ಕೆಳಕ್ಕೆ ಇಳಿಯುವುದು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಏಕೆಂದರೆ ಪ್ರತಿ ತಲೆಮಾರಿನಲ್ಲೂ ದಾರಿ ಕವಲೊಡೆಯುತ್ತದೆ. ಒಬ್ಬ ಮೂಲಪುರುಷನಿಂದ ಹಿಡಿದು ಪ್ರತಿಯೊಬ್ಬರಿಗೂ ಮೂವರು ಮಕ್ಕಳು ಬೆಳೆದು ಸಂಸಾರ ಕಟ್ಟಿದರು ಎಂದಿಟ್ಟುಕೊಂಡರೂ ಅವನ ನಂತರದ ಐದನೇ ತಲೆಮಾರಿನಲ್ಲಿ 243 ಜನ ಆಗುತ್ತಾರೆ. ಅವರಲ್ಲಿ ಒಂದು ಕವಲೇ ತಪ್ಪಿಹೋದರೂ ಗೊತ್ತಾಗುವುದು ಹೇಗೆ? ಅದಕ್ಕೆ ಉತ್ತರ ಕನ್ನಡ ಜಿಲ್ಲೆಯ ಹಳೆಯ ಕಾಗದಗಳಲ್ಲೇ ಒಂದು ಅಳತೆಗೋಲಿದೆ: ಹಿಸ್ಸೆ, ಎಂದರೆ ಆಸ್ತಿಯಲ್ಲಿ ಒಬ್ಬೊಬ್ಬರ ಪಾಲು.

ಮೊದಲು ಒಬ್ಬ ವ್ಯಕ್ತಿ, ಒಂದು ಊರು, ಒಂದು ವರ್ಷ ಗಟ್ಟಿಮಾಡಿಕೊಳ್ಳಿ. ‘ನಾಡಕರ್ಣಿ ಮನೆತನ’, ‘ಶಾನಭಾಗರ ಮನೆ’ ಎಂದಷ್ಟೇ ಇಟ್ಟುಕೊಂಡು ಹೊರಡಬೇಡಿ. ನಾಡಕರ್ಣಿ, ಶಾನಭಾಗ, ದೇಸಾಯಿ, ಗೌಡ ಇವೆಲ್ಲ ಹುದ್ದೆಯಿಂದ ಬಂದ ಹೆಸರುಗಳು. ಒಂದೇ ಅಡ್ಡಹೆಸರಿನ ಎರಡು ಮನೆಗಳಿಗೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಮನೆಯ ಹೆಸರು, ಗೋತ್ರ, ಕುಲದೇವರು ಈ ಮೂರೂ ಹೊಂದಿದಾಗ ಮಾತ್ರ ಒಂದೇ ಮನೆತನ ಇರಬಹುದೆಂದು ಮುಂದುವರಿಯಬಹುದು.

ಈ ಜಿಲ್ಲೆಯಲ್ಲಿ ಹುಡುಕುವವರಿಗೆ ಒಂದು ಅನುಕೂಲವಿದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ತುಂಡಿನ ಪದ್ಧತಿ ಇಲ್ಲಿನ ದಾಖಲೆಗಳಲ್ಲಿ ಬಳಕೆಯಲ್ಲಿದೆ. ‘ಗಣಪತಿ ಮಂಜುನಾಥ’ ಎಂದಿದ್ದರೆ ತಂದೆ ಯಾರೆಂದು ಅಲ್ಲೇ ತಿಳಿಯುತ್ತದೆ. ಇದೇ ಪದ್ಧತಿ ಮೋಸವನ್ನೂ ಮಾಡುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿಯಾದ್ದರಿಂದ ಗಣಪತಿ ಮಂಜುನಾಥ, ಮಂಜುನಾಥ ಗಣಪತಿ, ಮತ್ತೆ ಗಣಪತಿ ಮಂಜುನಾಥ ಎಂದು ಸರಪಳಿ ಸಾಗುತ್ತದೆ. ಅಜ್ಜ ಮೊಮ್ಮಗ ಇಬ್ಬರನ್ನೂ ಒಬ್ಬನೇ ಎಂದು ಬರೆದುಕೊಂಡರೆ ಎರಡು ತಲೆಮಾರು ಮಾಯವಾಗುತ್ತವೆ.

ಈ ತಪ್ಪಿಗೆ ಸಂವತ್ಸರದ ಹೆಸರೂ ದಾರಿಮಾಡಿಕೊಡುತ್ತದೆ. ಹಳೆಯ ಕಡತದಲ್ಲಿ ‘ಕ್ರೋಧಿ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1844–45 ಆಗಿರಬಹುದು, 1904–05 ಆಗಿರಬಹುದು, 1964–65 ಕೂಡ ಆಗಿರಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ, ಅಜ್ಜನ ಹೆಸರು ಮೊಮ್ಮಗನಿಗೆ ಬರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಶಕವರ್ಷ ಹುಡುಕಿ. ಶಕ 1826 ಎಂದಿದ್ದರೆ 78 ಕೂಡಿಸಿ, 1904 ಬರುತ್ತದೆ. ಯುಗಾದಿಗೆ ವರ್ಷ ಬದಲಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79 ಕೂಡಿಸಬೇಕು. ಶಕವರ್ಷವೂ ಇಲ್ಲದಿದ್ದರೆ ಕಾಗದದಲ್ಲಿರುವ ಉಳಿದವರ ವಯಸ್ಸು ನೋಡಿ ನಿರ್ಧರಿಸಿ. ತಂದೆ ಮಗನ ನಡುವೆ 25ರಿಂದ 30 ವರ್ಷ ಸಹಜ. 12 ಅಥವಾ 60 ಬಂದರೆ ಎಲ್ಲೋ ತಪ್ಪಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಮನೆಯ ಕಾಗದ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೋಡಿ ಲಿಪಿಯ ಪತ್ರಗಳು, ಘಟ್ಟದ ಹವ್ಯಕ ಮನೆಗಳಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳು ಸಿಗಬಹುದು. ಓದಲು ಬಾರದಿದ್ದರೆ ಕಟ್ಟು ಬಿಚ್ಚಿ ಕಲಸಬೇಡಿ, ಇದ್ದ ಅನುಕ್ರಮದಲ್ಲೇ ಫೋಟೊ ತೆಗೆದು ಓದಬಲ್ಲವರಿಗೆ ತೋರಿಸಿ. ಇವುಗಳಿಗಿಂತ ಮೊದಲು ಕೇಳಬೇಕಾದದ್ದು ಶ್ರಾದ್ಧದ ಚೀಟಿ. ಅದರಲ್ಲಿ ತಂದೆ, ಅಜ್ಜ, ಮುತ್ತಜ್ಜ ಮಾತ್ರವಲ್ಲ, ತಾಯಿಯ ಕಡೆಯ ಅಜ್ಜ, ಮುತ್ತಜ್ಜಂದಿರ ಹೆಸರೂ ಗೋತ್ರವೂ ಇರುತ್ತವೆ. ಹೆಣ್ಣುಮಕ್ಕಳ ತವರು ಯಾವುದೆಂದು ಗೊತ್ತಾಗುವ ಅಪರೂಪದ ಜಾಗ ಅದು. ಮನೆಯವರ ಹತ್ತಿರ ಇಲ್ಲದಿದ್ದರೆ ಪುರೋಹಿತರ ಹತ್ತಿರ ಇರುತ್ತದೆ. ಹಳೆಯ ಲಗ್ನಪತ್ರಿಕೆ, ಉಪನಯನದ ಆಮಂತ್ರಣಗಳನ್ನೂ ಬಿಡಬೇಡಿ. ಅವುಗಳ ಕೆಳಗಿನ ಹಿರಿಯರ ಪಟ್ಟಿ ಆ ವರ್ಷ ಯಾರು ಬದುಕಿದ್ದರು ಎಂಬುದಕ್ಕೆ ಸಾಕ್ಷಿ.

ಈಗ ಹಿಸ್ಸೆಯ ವಿಷಯ. ಹಳೆಯ ಹಕ್ಕುದಾಖಲೆ, ವಾರಸಾ ನೋಂದಣಿ, ಪಾಲುಪತ್ರಗಳಲ್ಲಿ ಆಸ್ತಿಯನ್ನು ಹದಿನಾರಾಣೆ ಎಂದು ಹಿಡಿದು ಪಾಲು ಬರೆಯುತ್ತಿದ್ದರು. ಆಣೆಗೆ 12 ಪೈ. ನಾಲ್ವರು ಅಣ್ಣತಮ್ಮಂದಿರಾದರೆ ತಲಾ 4 ಆಣೆ. ಮೂವರಾದರೆ 5 ಆಣೆ 4 ಪೈ, ಆರು ಜನರಾದರೆ 2 ಆಣೆ 8 ಪೈ, ಹನ್ನೆರಡಾದರೆ 1 ಆಣೆ 4 ಪೈ. ಎಂದರೆ ಒಬ್ಬನ ಹಿಸ್ಸೆ ನೋಡಿದರೆ ಅವನ ಜೊತೆ ಎಷ್ಟು ಕವಲಿತ್ತು ಎಂದು ಅಂದಾಜಾಗುತ್ತದೆ. ಎಲ್ಲ ಕೂಡಿಸಿ ಹದಿನಾರಾಣೆ ಆಗದಿದ್ದರೆ ನಿಮ್ಮ ಪಟ್ಟಿಯಲ್ಲಿ ಯಾರೋ ಬಿಟ್ಟುಹೋಗಿದ್ದಾರೆ.

ದೇವಸ್ಥಾನದ ಪಾಳಿ ಪಟ್ಟಿಯನ್ನೂ ಹೀಗೆಯೇ ಓದಬೇಕು. ಪೂಜೆಯ ಇಲ್ಲವೇ ಸೇವೆಯ ಸರದಿ ವಂಶಪಾರಂಪರ್ಯವಾಗಿದ್ದ ಕಡೆ ವರ್ಷದ ಹನ್ನೆರಡು ತಿಂಗಳೂ ಕವಲುಗಳಿಗೆ ಹಂಚಿಕೆಯಾಗಿರುತ್ತವೆ. ಭೂಮಿಯನ್ನು ಮಾರಬಹುದು, ಅಡವಿಡಬಹುದು. ಪಾಳಿ ಅಷ್ಟು ಸುಲಭವಾಗಿ ಕೈಬದಲಾಗುವುದಿಲ್ಲ. ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದರಲ್ಲೇ ಈ ಕೆಲಸದ ಜೀವ ಇದೆ.

ಒಂದು ಲೆಕ್ಕ ಹಾಕಿ ನೋಡೋಣ. ಕುಮಟೆ ಕಡೆಯ ಒಂದು ಮನೆತನ ಎಂದಿಟ್ಟುಕೊಳ್ಳಿ. ಹಕ್ಕುದಾಖಲೆಯಲ್ಲಿ ಹಿರಿಯವನಿಗೆ 5 ಆಣೆ 4 ಪೈ, ಎರಡನೆಯವನ ಇಬ್ಬರು ಮಕ್ಕಳಿಗೆ ತಲಾ 2 ಆಣೆ 8 ಪೈ ಇದೆ. ಕೂಡಿಸಿದರೆ 10 ಆಣೆ 8 ಪೈ. ಉಳಿದದ್ದು 5 ಆಣೆ 4 ಪೈ, ಅಂದರೆ ಸರಿಯಾಗಿ ಮೂರನೇ ಒಂದು ಪಾಲು. ಹಾಗಾದರೆ ಅಣ್ಣತಮ್ಮಂದಿರು ಮೂವರು, ಒಬ್ಬನ ಕವಲು ಕಾಣೆ ಎಂದು ಬರೆದುಬಿಡಲು ಮನಸ್ಸಾಗುತ್ತದೆ. ಆದರೆ ದೇವಸ್ಥಾನದ ಪಾಳಿಯಲ್ಲಿ ಹಿರಿಯನ ಕವಲಿಗೆ ಇರುವುದು ಮೂರೇ ತಿಂಗಳು. ಮೂವರಿದ್ದರೆ ನಾಲ್ಕು ತಿಂಗಳಾಗಬೇಕಿತ್ತು. ಮೂರು ತಿಂಗಳು ಎಂದರೆ ಅಣ್ಣತಮ್ಮಂದಿರು ನಾಲ್ವರು. ಒಬ್ಬ ಮಕ್ಕಳಿಲ್ಲದೆ ತೀರಿಕೊಂಡು, ಅವನ 4 ಆಣೆ ಉಳಿದ ಮೂವರ ಕವಲಿಗೆ ತಲಾ 1 ಆಣೆ 4 ಪೈಯಂತೆ ಹೋಗಿ 5 ಆಣೆ 4 ಪೈ ಆಗಿದೆ. ಪಾಳಿ ಮಾತ್ರ ಹಳೆಯ ಹಂಚಿಕೆಯಲ್ಲೇ ನಿಂತಿದೆ, ತೀರಿದವನ ಮೂರು ತಿಂಗಳನ್ನು ಉಳಿದವರು ಸರದಿಯಲ್ಲಿ ಮಾಡುತ್ತಾರೆ. ಇದು ಊಹೆಯಾಗಿ ಉಳಿಯಬಾರದು: ತೀರಿದವನ ವಿಧವೆಯ ಹೆಸರಿಗೆ ಪಾಲು ಬಂದಿದ್ದರೆ ಆ ನೋಂದಣಿಯನ್ನು, ಅವಳ ನಂತರದ ವಾರಸಾ ನೋಂದಣಿಯನ್ನು ತೆಗೆಸಿ ನೋಡಬೇಕು. ದಾಖಲೆಯಲ್ಲಿ ಹೆಸರಿನ ಮುಂದೆ ‘ಮಯತ’ ಎಂದಿದ್ದರೆ ತೀರಿಕೊಂಡವರು, ‘ಕೋಂ’ ಎಂದಿದ್ದರೆ ಮುಂದಿನದು ಗಂಡನ ಹೆಸರು, ‘ಅ.ಪಾ.ಕ.’ ಎಂದಿದ್ದರೆ ಅಪ್ರಾಪ್ತ ಮಗುವಿನ ಪರವಾಗಿ ನಿಂತ ಪಾಲಕರು.

ಇನ್ನು ಕಾಣೆಯಾದ 5 ಆಣೆ 4 ಪೈ. ಕೈಬರಹದ ಪಹಣಿಯಲ್ಲಿ ಆ ಕವಲಿನವರ ಹೆಸರು 1974ರ ನಂತರ ಇದ್ದಕ್ಕಿದ್ದಂತೆ ನಿಂತಿದ್ದರೆ ಮಾರಾಟವಾಯಿತೆಂದು ತೀರ್ಮಾನಿಸಬೇಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು, ಒಡೆತನ ಕೋರಿ ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರ ಹೆಸರು ಬಂತು. ಒಡೆಯನ ಹೆಸರು ಪಹಣಿಯಿಂದ ಹೋಗಿರಬಹುದು, ಭೂ ನ್ಯಾಯಮಂಡಳಿಯ ಕಡತದಿಂದ ಹೋಗಿಲ್ಲ. ಪ್ರತಿವಾದಿಯಾಗಿ ಅವನನ್ನೋ ಅವನ ವಾರಸುದಾರರನ್ನೋ ಹೆಸರಿಸಿ ನೋಟಿಸು ಕಳಿಸಬೇಕಿತ್ತು. ಊರು ಬಿಟ್ಟವರಾದರೆ ಮುಂಬಯಿಯದೋ ಹುಬ್ಬಳ್ಳಿಯದೋ ವಿಳಾಸ ಆ ಕಡತದಲ್ಲೇ ಇರಬಹುದು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಗ್ರಾಮ, ಸರ್ವೆ ನಂಬರು, ಹಿಸ್ಸೆ ನಂಬರು, ಬೇಕಾದ ವರ್ಷಗಳನ್ನು ಬರೆದು ಅರ್ಜಿ ಕೊಡಿ. ಮನೆತನದ ಹೆಸರು ಬರೆದರೆ ಏನೂ ಸಿಗುವುದಿಲ್ಲ, ಏಕೆಂದರೆ ಕಡತಗಳು ನಂಬರಿನ ಮೇಲೆ ಇರುತ್ತವೆ. ಕಾರವಾರ, ಅಂಕೋಲೆಯ ಕಡಲಂಚಿನ ಗ್ರಾಮಗಳಾದರೆ ಸೀಬರ್ಡ್ ನೌಕಾನೆಲೆಗಾಗಿ ನಡೆದ ಭೂಸ್ವಾಧೀನದ ಐತೀರ್ಪುಗಳನ್ನೂ ಕೇಳಿ. ಪರಿಹಾರ ಹಂಚಬೇಕಾದ್ದರಿಂದ ಅಲ್ಲಿ ಪಾಲುದಾರರ ಪಟ್ಟಿ ಇರುತ್ತದೆ.

ಪಟ್ಟಣ ಸೇರಿದವರ ಅಡ್ಡಹೆಸರು ಬದಲಾಗಿರುವುದೂ ಉಂಟು. ಶಾನಭಾಗರ ಮಗ ಮುಂಬಯಿಯಲ್ಲಿ ಊರ ಹೆಸರು ಹಿಡಿದು ‘ಅಂಕೋಲೇಕರ್’ ಆಗಿರಬಹುದು. ಆಗ ಕೈಹಿಡಿಯುವುದು ಕುಲದೇವರು. ಕಾರವಾರ ಕಡೆಯ ಅನೇಕ ಸಾರಸ್ವತ ಮನೆಗಳ ಕುಲದೇವರು ಗೋವೆಯಲ್ಲಿ: ಮಂಗೇಶಿ, ಕವಳೆಯ ಶಾಂತಾದುರ್ಗೆ, ಮಾರ್ದೊಳದ ಮಹಾಲಸೆ, ಬಾಂದೋಡೆಯ ನಾಗೇಶ. ಪೋರ್ಚುಗೀಸರ ಕಾಲದ ಕಾನೂನಿನಂತೆ ಇಂಥ ದೇವಸ್ಥಾನಗಳು ಆಡಳಿತದಲ್ಲಿ ಹಕ್ಕಿರುವ ಮಹಾಜನರ ಪಟ್ಟಿ ಇಡುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ವಂಶ ಇಲ್ಲ ಎಂದಲ್ಲ. ಆ ದೇವರನ್ನು ಕುಲದೇವರಾಗಿ ಉಳ್ಳ ಕುಳಾವಿಗಳೆಲ್ಲ ಮಹಾಜನರಾಗಿರುವುದಿಲ್ಲ, ದೂರ ಹೋದವರು ಮಕ್ಕಳ ಹೆಸರು ಸೇರಿಸದೆ ಬಿಟ್ಟಿರುತ್ತಾರೆ. ವಂತಿಗೆ ಪುಸ್ತಕ, ಪ್ರಸಾದ ಕಳಿಸುವ ವಿಳಾಸದ ಪುಸ್ತಕ ಇನ್ನೂ ಉಪಯುಕ್ತ.

ಗಡಿ ದಾಟಿದ ಕವಲಿಗೆ ಶಿರಸಿ ಹತ್ತಿರದ ಸೋದೆಯ ಅರಸರದ್ದೇ ದೊಡ್ಡ ಉದಾಹರಣೆ. 1760ರ ದಶಕದಲ್ಲಿ ಹೈದರಾಲಿಯ ಸೈನ್ಯ ಸೋದೆಯನ್ನು ಹಿಡಿದಾಗ ಅರಸುಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ಫೋಂಡಾ ಸೀಮೆಯ ಬಾಂದೋಡೆಯಲ್ಲಿ ನೆಲೆಸಿತು. ಅಲ್ಲಿಂದ ಮುಂದಿನ ತಲೆಮಾರುಗಳನ್ನು ಶಿರಸಿಯ ಕಾಗದಗಳಲ್ಲಿ ಹುಡುಕಿದರೆ ವಂಶ ಮುಗಿದಂತೆ ಕಾಣುತ್ತದೆ. ಹುಡುಕಬೇಕಾದದ್ದು ಪಣಜಿಯ ಪತ್ರಾಗಾರದಲ್ಲಿ, ಪೋರ್ಚುಗೀಸ್ ಭಾಷೆಯ ಕಡತಗಳಲ್ಲಿ. ಕಾಗುಣಿತಕ್ಕೂ ಸಿದ್ಧರಾಗಿರಿ: ಸೋದೆ ಅಲ್ಲಿ ‘ಸುಂದಾ’ ಆಗಿರುತ್ತದೆ.

ದತ್ತು ಹೋದವರ ವಿಷಯದಲ್ಲಿ ಎಡವುವವರು ಹೆಚ್ಚು. ದತ್ತಕನಾದವನ ನಡುಹೆಸರು, ಗೋತ್ರ, ಶ್ರಾದ್ಧದ ಪಟ್ಟಿ ಎಲ್ಲವೂ ಹೊಸ ಮನೆಯದಾಗುತ್ತವೆ. ಹುಟ್ಟಿದ ಮನೆಯ ಹಿಸ್ಸೆಯಲ್ಲಿ ಅವನು ಕಾಣುವುದಿಲ್ಲ, ಲೆಕ್ಕವೂ ಅವನಿಲ್ಲದೆ ಸರಿಹೋಗುತ್ತದೆ. ಹೆಣ್ಣುಮಕ್ಕಳದೂ ಹಾಗೆಯೇ; 1956ರ ಉತ್ತರಾಧಿಕಾರ ಕಾಯ್ದೆಗೆ ಮೊದಲಿನ ವಾರಸಾ ನೋಂದಣಿಗಳಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣುಮಕ್ಕಳು ಸಾಮಾನ್ಯವಾಗಿ ಇರುವುದಿಲ್ಲ. ಆಣೆಯ ಲೆಕ್ಕ ಕೂಡಿತೆಂದು ವಂಶ ಪೂರ್ತಿಯಾಯಿತೆಂದು ತಿಳಿಯಬಾರದು. ಈ ಇಬ್ಬರಿಗೂ ಶ್ರಾದ್ಧದ ಚೀಟಿ ಮತ್ತು ಲಗ್ನಪತ್ರಿಕೆಯೇ ಆಧಾರ.

ಕೊನೆಗೆ ಬದುಕಿರುವವರ ಬಾಗಿಲು. ಮೊದಲ ಪತ್ರದ ಮೊದಲ ಸಾಲಿನಲ್ಲೇ ಇದು ಆಸ್ತಿಯ ವಿಚಾರವಲ್ಲ ಎಂದು ಬರೆಯಿರಿ. ಹಳೆಯ ಪಾಲಿನ ಕಾಗದ ಹಿಡಿದು ಬಂದವರನ್ನು ಕಂಡರೆ ಯಾರಿಗೂ ಅನುಮಾನ ಬರುವುದು ಸಹಜ. ನಿಮ್ಮಲ್ಲಿರುವ ವಂಶಾವಳಿಯನ್ನು ಮೊದಲೇ ತೋರಿಸಿ ‘ಸರಿಯೇ?’ ಎಂದು ಕೇಳಬೇಡಿ, ತೋರಿಸಿದ್ದಕ್ಕೆ ಹೌದೆನ್ನುವವರೇ ಹೆಚ್ಚು. ಅವರ ಅಜ್ಜನ ಹೆಸರು, ಕುಲದೇವರು, ಶ್ರಾದ್ಧದ ತಿಥಿ ಅವರಿಂದಲೇ ಕೇಳಿ ಬರೆದುಕೊಂಡು ಆಮೇಲೆ ಹೋಲಿಸಿ. ಪ್ರತಿ ತಂದೆ–ಮಗ ಕೊಂಡಿಗೂ ಒಂದರಿಂದ ಇನ್ನೊಂದು ನಕಲಾಗದ ಎರಡು ಆಧಾರ ಬೇಕು, ಒಂದು ಭೂಮಿಯದಾದರೆ ಇನ್ನೊಂದು ದೇವಸ್ಥಾನದ್ದೋ ಮನೆಯದೋ ಆಗಿರಲಿ. ಎರಡೂ ಸಿಕ್ಕ ಕೊಂಡಿಗೆ ಶಾಯಿಯ ಗೆರೆ ಎಳೆಯಿರಿ. ಒಂದೇ ಸಿಕ್ಕಿದ್ದರೆ ಪೆನ್ಸಿಲಿನ ಗೆರೆ, ಪಕ್ಕದಲ್ಲಿ ಯಾವ ಕಾಗದ ಎಂಬುದರ ನಮೂದು. ದತ್ತುವಿಗೆ ಚುಕ್ಕಿಗೆರೆ, ಎರಡೂ ಮನೆಗಳಿಂದ. ಬದುಕಿರುವವರ ಹೆಸರು ವಿಳಾಸಗಳನ್ನು ಬೇರೆ ಹಾಳೆಯಲ್ಲಿ ಇಟ್ಟು, ಅವರು ಒಪ್ಪುವವರೆಗೆ ಆ ಹಾಳೆಯನ್ನು ಯಾರಿಗೂ ಕೊಡಬೇಡಿ.